ಮುಯ್ಯಾಳೋ, ಬಿಟ್ಟಿಯೋ: ಅಭಿಮಾನಿ ಕತೆಗಳ ಲೆಕ್ಕ ಹಿಡಿಯಲು ಹೋದಾಗ

ರಾತ್ರಿ ಒಂಬತ್ತೂವರೆ. ಅಡಿಕೆ ಸುಲಿಯುವ ಚಪ್ಪರದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದರು. ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಟಿವಿ. ಧಾರಾವಾಹಿ ಆಗಷ್ಟೇ ಮುಗಿದಿತ್ತು. ಒಬ್ಬರ ಡಬ್ಬ ತುಂಬಿತು ಅಂದರೆ ಮನೆಯ ಅಕ್ಕ ಎದ್ದು ಹೋಗಿ ನೋಡಿ, ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಒಂದು ಗೀಟು ಹಾಕುತ್ತಿದ್ದರು. ಸುಲಿದವರಿಗೆ ಕೂಲಿ ಡಬ್ಬದ ಲೆಕ್ಕ. ಒಂದು ಗೀಟು ತಪ್ಪಿದರೂ ಮಾತು ಬರುತ್ತದೆ.

ಗೀಟು ಹಾಕಿ ಬಂದು ಕೂತ ಅಕ್ಕ, ಕೈಗೆ ಹತ್ತಿದ ಚೊಗರನ್ನು ಸೆರಗಿಗೆ ಒರೆಸಿಕೊಂಡು ಮೊಬೈಲ್ ತೆಗೆದರು. ಅವರು ಬರೆದ ಕತೆಯ ಹೊಸ ಪಾರ್ಟ್‌ಗೆ ಯಾರೋ ಮಂಡ್ಯದ ಕಡೆಯ ಹುಡುಗಿ ಉದ್ದದ ಪ್ರತಿಕ್ರಿಯೆ ಹಾಕಿದ್ದಳು. ಅದಕ್ಕೆ ಉತ್ತರ ಬರೆದರು. ಮತ್ತೆ ಕತ್ತಿಗೆ ಕೈ ಹೋಯಿತು. ಆ ಉತ್ತರಕ್ಕೆ ಯಾವ ಪುಸ್ತಕದಲ್ಲೂ ಗೀಟು ಬೀಳಲಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಆ ಗೀಟು ಹಾಕುವುದು ಹೇಗೆ ಅಂತ ತಿಳಿಯಲು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಒಂದು ಜನಪ್ರಿಯ ಕನ್ನಡ ಧಾರಾವಾಹಿಯ ಅಭಿಮಾನಿಗಳು ಅದೇ ಪಾತ್ರಗಳನ್ನು ಇಟ್ಟುಕೊಂಡು ಬರೆಯುವ ಕತೆಗಳು, ಅಂದರೆ ಫ್ಯಾನ್ ಫಿಕ್ಷನ್, ನನ್ನ ವಿಷಯ. ಅವರವರಲ್ಲಿ ಅದಕ್ಕೆ ಎಫ್‌ಎಫ್ ಅಂತಲೇ ಹೆಸರು. ಧಾರಾವಾಹಿ ಯಾವುದು ಅಂತ ಇಲ್ಲಿ ಹೇಳುವುದಿಲ್ಲ, ಅಕ್ಕನ ಹೆಸರನ್ನೂ ಹೇಳುವುದಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ. ಹೊಸನಗರದ ಕಡೆಯವರು ಅಂತ ಬರೆಯಲು ಅವರೇ ಒಪ್ಪಿದ್ದಾರೆ.

ಮೊದಲು ಅವರು ಏನು ಬರೆಯುತ್ತಾರೆ ಅಂತ ಹೇಳುತ್ತೇನೆ. ಧಾರಾವಾಹಿಯಲ್ಲಿ ನಾಯಕಿ ಮಲೆನಾಡಿನವಳು. ಮದುವೆಯಾಗಿ ಬೆಂಗಳೂರು ಸೇರಿದ ಮೇಲೆ ಅವಳ ತವರುಮನೆ ತೆರೆಯಿಂದಲೇ ಮಾಯವಾಯಿತು. ತಾಯಿ ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದು ಬಿಟ್ಟರೆ ಮತ್ತೆ ಕಾಣಲಿಲ್ಲ. ಅಕ್ಕನ ಕತೆ ಶುರುವಾಗುವುದೇ ಆ ತಾಯಿಯಿಂದ. ಮಗಳು ಊರಿಗೆ ಬರುವ ಹಿಂದಿನ ದಿನ ತಾಯಿ ಬಚ್ಚಲೊಲೆಗೆ ಸೋಗೆ ತುರುಕುತ್ತಾ ಹಂಡೆ ಕಾಯಿಸುತ್ತಾಳೆ. ಮಳೆ ಬಿಟ್ಟಿಲ್ಲ. ಸೋಗೆ ಹಸಿ, ಬರೀ ಹೊಗೆ. ಕಣ್ಣಲ್ಲಿ ನೀರು ಹೊಗೆಗೋ ಬೇರೆಯದಕ್ಕೋ ಅಂತ ಕತೆ ಹೇಳುವುದಿಲ್ಲ. ಓದುವಾಗ ನನಗೆ ನಮ್ಮ ಅಜ್ಜಿಯ ಬಚ್ಚಲು ನೆನಪಾಯಿತು.

ಇಂಥದ್ದಕ್ಕೆ ಈ ಕ್ಷೇತ್ರದಲ್ಲಿ ಬಿಟ್ಟುಹೋದ ದೃಶ್ಯ ಅನ್ನುತ್ತಾರೆ. ಮೂಲದಲ್ಲಿ ಕ್ಯಾಮೆರಾ ಹೋಗದ ಕಡೆ ಅಭಿಮಾನಿ ಹೋಗುತ್ತಾರೆ. ಅಮೆರಿಕದ ಮಾಧ್ಯಮ ಸಂಶೋಧಕ ಹೆನ್ರಿ ಜೆಂಕಿನ್ಸ್ 1992ರಲ್ಲಿ ಇಂಥ ಅಭಿಮಾನಿಗಳನ್ನು ಬೇರೆಯವರ ಜಾಗಕ್ಕೆ ನುಗ್ಗಿ ಬೇಟೆಯಾಡುವವರಿಗೆ ಹೋಲಿಸಿದರು. ಕತೆ ಒಡೆಯರದ್ದು, ಆದರೆ ತಮಗೆ ಬೇಕಾದ್ದನ್ನು ಇವರು ಹೊಡೆದುಕೊಂಡು ಬರುತ್ತಾರೆ ಅಂತ. ಈ ಮಾತನ್ನು ನಾನು ಅಕ್ಕನಿಗೆ ಹೇಳಿದೆ. ಅವರು ಒಪ್ಪಲಿಲ್ಲ.

"ಕದ್ದು ಹೊಡಿಯೂದು ಎಂತಕೆ ಮಾರಾಯ್ತಿ? ಕೊನೆ ಕೊಯ್ದ ಮೇಲೆ ತೋಟದಲ್ಲಿ ಉದುರಿ ಬಿದ್ದಿರ್ತದಲ್ಲ, ಅದನ್ನ ಹೆಕ್ಕಿದ ಹಾಗೆ. ಅವರಿಗೆ ಬೇಡಾಗಿ ಬಿಟ್ಟದ್ದೇ ಅದು."

ನನ್ನ ನೋಟ್ಸ್‌ನಲ್ಲಿ ಆ ಮಾತಿಗೆ ಎರಡು ಗೆರೆ ಎಳೆದಿದ್ದೇನೆ. ಜೆಂಕಿನ್ಸ್ ಹೇಳಿದ್ದು ಸುಳ್ಳಲ್ಲ. ಆದರೆ ನಾನು ಮಾತಾಡಿಸಿದ ಹೆಂಗಸರಿಗೆ ಅಕ್ಕ ಹೇಳಿದ ಚಿತ್ರವೇ ಜಾಸ್ತಿ ಹೊಂದುತ್ತದೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಅಭಿಮಾನಿಗಳು ಸಂಬಳವಿಲ್ಲದೆ ಎಷ್ಟು ದುಡಿಯುತ್ತಾರೆ ಅನ್ನುವ ಪ್ರಶ್ನೆಗೆ ಸುಮ್ನೆ "ತುಂಬಾ" ಅಂತ ಉತ್ತರ ಕೊಟ್ಟರೆ ಆಗುವುದಿಲ್ಲ. ಅದಕ್ಕೇ ನಾನು ದಿನಚರಿ ಪದ್ಧತಿ ಹಿಡಿದೆ. ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯಲ್ಲಿ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ದಿನವನ್ನು ಅರ್ಧರ್ಧ ಗಂಟೆಯ ಮನೆಗಳಾಗಿ ಕತ್ತರಿಸಿ, ಪ್ರತಿ ಮನೆಯಲ್ಲಿ ಏನು ಮಾಡಿದಿರಿ ಅಂತ ಕೇಳಿದ್ದರು. ನಾನೂ ಹಾಗೇ ಒಂದು ಹಾಳೆ ಮಾಡಿ, ಒಂದು ವಾರ ತುಂಬಲು ಅಕ್ಕನಿಗೆ ಕೊಟ್ಟೆ.

ಹಾಳೆ ವಾಪಸ್ ಬಂದಾಗ ಕೂಡಿಸಿ ನೋಡಿದೆ. ಬರೆಯುವುದು, ಟೈಪ್ ಮಾಡುವುದು, ಸಂಭಾಷಣೆ ಗುರುತು ಹಾಕಿಕೊಳ್ಳಲು ಸಂಚಿಕೆಯನ್ನು ಮೊಬೈಲಲ್ಲಿ ಇನ್ನೊಮ್ಮೆ ನೋಡುವುದು, ಎಲ್ಲಾ ಸೇರಿ ಎಂಟು ಗಂಟೆ. ಅಷ್ಟೇ. ಸರಿ ಇರಬಹುದು ಅಂದುಕೊಂಡೆ. ಆಮೇಲೆ ಚಪ್ಪರದ ಆ ರಾತ್ರಿ ನೆನಪಾಯಿತು. ನನ್ನ ಕಣ್ಣೆದುರೇ ಉತ್ತರ ಬರೆದಿದ್ದರಲ್ಲ, ಅದು ಹಾಳೆಯಲ್ಲಿ ಎಲ್ಲಿ? ಆ ದಿನದ ಒಂಬತ್ತೂವರೆಯ ಮನೆಯಲ್ಲಿ ಒಂದೇ ಮಾತು ಇತ್ತು: ಅಡಿಕೆ ಸುಲಿದದ್ದು.

ಕೇಳಿದೆ. "ಅದನ್ನೂ ಬರೀಬೇಕಾ? ಅದು ಕೆಲಸನಾ?" ಅಂದರು.

ತಪ್ಪು ಅವರದ್ದಲ್ಲ, ಹಾಳೆಯದ್ದು. ಸರ್ಕಾರದ ಸಮೀಕ್ಷೆಯಲ್ಲೂ ಹತ್ತು ನಿಮಿಷಕ್ಕಿಂತ ಕಡಿಮೆಯ ಕೆಲಸಕ್ಕೆ ಜಾಗ ಇರಲಿಲ್ಲ. ಅಡುಗೆ, ಗದ್ದೆ ಕೆಲಸ, ನೀರು ತರುವುದು ಇಂಥದ್ದಕ್ಕೆ ಆ ಅಳತೆ ಸಾಕು. ಅಭಿಮಾನಿಯ ಕೆಲಸ ಹಾಗಲ್ಲ. ಅದು ಎರಡು ನಿಮಿಷ, ಮೂರು ನಿಮಿಷದ ಚೂರು. ಕುಕ್ಕರ್ ಎರಡನೇ ಸೀಟಿ ಹೊಡೆಯುವವರೆಗೆ ಒಂದು, ಬಸ್ಸಿಗೆ ಕಾಯುವಾಗ ಒಂದು. ಅರ್ಧ ಗಂಟೆಯ ಜರಡಿಯಲ್ಲಿ ಅದೆಲ್ಲಾ ಉದುರಿಹೋಗುತ್ತದೆ.

ಎರಡನೇ ಹಾಳೆ ಬೇರೆ ಮಾಡಿದೆ. ಪ್ರತಿ ಮನೆಯ ಪಕ್ಕದಲ್ಲಿ "ಜೊತೆಗೆ ಮೊಬೈಲಲ್ಲಿ ಏನಾದರೂ ಮಾಡಿದ್ರಾ" ಅಂತ ಇನ್ನೊಂದು ಸಾಲು. ಉತ್ತರಗಳಿಗೆ ಮಾತ್ರ ಅವರ ನೆನಪನ್ನು ನಂಬಲಿಲ್ಲ. ಯಾಕೆಂದರೆ ಪ್ರತಿ ಉತ್ತರಕ್ಕೂ ತೆರೆಯ ಮೇಲೆ ದಿನ, ಹೊತ್ತು ಇರುತ್ತದೆ. ಅವರ ಒಪ್ಪಿಗೆ ತಗೊಂಡು ಆ ವಾರದ್ದನ್ನು ಇಬ್ಬರೂ ಕೂತು ಎಣಿಸಿದೆವು. ಎಪ್ಪತ್ತು ಇತ್ತು. ಒಂದಕ್ಕೆ ಎಷ್ಟು ಹೊತ್ತು ಬೇಕು ಅಂತ ತಿಳಿಯಲು ಒಂದು ಸಂಜೆ ಅವರ ಪಕ್ಕ ಕೂತು ಗಡಿಯಾರ ನೋಡಿದೆ. ಹತ್ತು ಉತ್ತರಕ್ಕೆ ಮೂವತ್ತೊಂದು ನಿಮಿಷ ಹಿಡಿಯಿತು. ಮೂರು ನಿಮಿಷಕ್ಕೆ ಒಂದು ಅಂತ ಇಟ್ಟರೂ ವಾರಕ್ಕೆ ಮೂರೂವರೆ ಗಂಟೆ.

ಅಷ್ಟೇ ಅಲ್ಲ. ಬಳಗದ ಹೊಸಬರ ಕತೆ ಓದಿ, ಕಾಗುಣಿತ ತಿದ್ದಿ, "ಈ ಸಂಭಾಷಣೆ ನಾಯಕನ ಬಾಯಲ್ಲಿ ಕೂರಲ್ಲ" ಅಂತ ಹೇಳುವುದಕ್ಕೆ ಇನ್ನೊಂದು ಮೂರೂವರೆ ಗಂಟೆ. ಮುಖಚಿತ್ರ ಜೋಡಿಸಿ, ಪಾರ್ಟ್ ಹಾಕಿ, ಎಲ್ಲರಿಗೂ ತಿಳಿಸುವುದಕ್ಕೆ ಒಂದೂವರೆ ಗಂಟೆ. ಬರೆಯುವುದು, ಟೈಪ್ ಮಾಡುವುದು ಆರು ಗಂಟೆ. ಸಂಚಿಕೆ ಇನ್ನೊಮ್ಮೆ ನೋಡುವುದು ಎರಡು ಗಂಟೆ. ಎಲ್ಲಾ ಸೇರಿ ಹದಿನಾರೂವರೆ. ಮೊದಲ ವಾರಕ್ಕಿಂತ ಜಾಸ್ತಿ ಏನೂ ಬರೆದಿರಲಿಲ್ಲ ಅವರು. ಹಾಳೆ ಬದಲಾಯಿತು, ಲೆಕ್ಕ ಎರಡರಷ್ಟಾಯಿತು.

ಇದು ಒಬ್ಬರ ಒಂದು ವಾರದ ಲೆಕ್ಕ. ಅದೂ ಅಡಿಕೆ ಸುಗ್ಗಿಯದ್ದು. ಇದನ್ನು ಎಲ್ಲಾ ಅಭಿಮಾನಿಗಳಿಗೂ ಹಚ್ಚಲು ಬರುವುದಿಲ್ಲ. ಆದರೆ ಒಂದು ಮಾತು ನಾನು ಹಾಳೆ ಕೊಟ್ಟ ಉಳಿದ ಏಳು ಜನರ ದಿನಚರಿಯಲ್ಲೂ ಕಂಡಿತು: ಕತೆ ಬರೆಯುವುದು ಕೆಲಸದ ಅರ್ಧವೂ ಅಲ್ಲ. ಬಳಗವನ್ನು ಬೆಚ್ಚಗಿಡುವುದೇ ದೊಡ್ಡ ಕೆಲಸ.

"ಅದು ಕೆಲಸನಾ" ಅನ್ನುವ ಪ್ರಶ್ನೆಗೆ ನಾನು ಉತ್ತರ ಹೇಳಬೇಕಿತ್ತು. ಮಾರ್ಗರೆಟ್ ರೀಡ್ ಅನ್ನುವ ಅರ್ಥಶಾಸ್ತ್ರಜ್ಞೆ 1934ರಲ್ಲೇ ಮನೆಗೆಲಸದ ಬಗ್ಗೆ ಒಂದು ಸುಲಭದ ಪರೀಕ್ಷೆ ಕೊಟ್ಟಿದ್ದರು. ಆ ಕೆಲಸವನ್ನು ದುಡ್ಡು ಕೊಟ್ಟು ಬೇರೆಯವರ ಕೈಲಿ ಮಾಡಿಸಬಹುದಾ? ಮಾಡಿಸಬಹುದಾದರೆ ಅದು ಕೆಲಸ. ಕತೆ ತಿದ್ದುವುದಕ್ಕೆ ಪ್ರಕಾಶಕರು ಸಂಬಳ ಕೊಡುತ್ತಾರೆ. ನೋಡುಗರಿಗೆ ಉತ್ತರ ಬರೆಯುವುದಕ್ಕೆ ವಾಹಿನಿಗಳೇ ಜನ ಇಟ್ಟಿರುತ್ತಾರೆ. ಹಾಗಾಗಿ ಎರಡೂ ಲೆಕ್ಕಕ್ಕೆ ಬಂದವು. ಮನೆಯವರ ಜೊತೆ ಕೂತು ರಾತ್ರಿ ಧಾರಾವಾಹಿ ನೋಡುವುದನ್ನು ಬಿಟ್ಟೆ. ನನ್ನ ಬದಲು ನೀನು ನೋಡಿ ಖುಷಿಪಡು ಅಂತ ಯಾರಿಗೂ ಕೂಲಿ ಕೊಡಲು ಬರುವುದಿಲ್ಲ, ಅಲ್ವಾ?

ಎಣಿಸುವುದು ಇಷ್ಟು. ಹೆಸರಿಡುವುದು ಬೇರೆ ಕಷ್ಟ. ಟಿಜಿಯಾನಾ ತೆರನೋವಾ ಅನ್ನುವ ಮಾಧ್ಯಮ ಚಿಂತಕಿ 2000ದಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಎಲ್ಲರೂ ಓದುವಂಥದ್ದು. ಅಂತರ್ಜಾಲದ ಮೇಲಿನ ಪುಕ್ಕಟೆ ದುಡಿಮೆಯನ್ನು ಜನ ಇಷ್ಟಪಟ್ಟೇ ಕೊಡುತ್ತಾರೆ, ಅದರಿಂದಲೇ ಬೇರೆಯವರು ಲಾಭವನ್ನೂ ಮಾಡಿಕೊಳ್ಳುತ್ತಾರೆ, ಎರಡೂ ಒಟ್ಟಿಗೇ ನಿಜ ಅನ್ನುವುದು ಅವರ ವಾದ. ಇನ್ನು ಕೆಲವರು ಅಭಿಮಾನಿ ಬಳಗವನ್ನು ಉಡುಗೊರೆಯ ಲೋಕ ಅನ್ನುತ್ತಾರೆ. ಕತೆ ಉಡುಗೊರೆ, ಪ್ರತಿಕ್ರಿಯೆ ಅದಕ್ಕೆ ಮರು ಉಡುಗೊರೆ. ಈ ಎರಡೂ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುವುದು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಉತ್ತರ ಅಕ್ಕನ ಹಳೇ ಡೈರಿಯಲ್ಲಿತ್ತು.

ಡೈರಿಯ ಹಿಂದಿನ ಪುಟಗಳಲ್ಲಿ ಎರಡು ಪಟ್ಟಿ. ಒಂದರಲ್ಲಿ ಅವರ ಕತೆಗೆ ಉದ್ದದ ಪ್ರತಿಕ್ರಿಯೆ ಬರೆದವರು. ಇನ್ನೊಂದರಲ್ಲಿ ಅವರು ಓದಬೇಕಾದ ಕತೆಗಳು: ಯಾರದ್ದು, ಎಷ್ಟು ಪಾರ್ಟ್ ಬಾಕಿ. ಓದಿ ಮುಗಿಸಿದ್ದಕ್ಕೆ ಅಡ್ಡಗೀಟು. "ಇದೆಂಥ ಲೆಕ್ಕ ಅಕ್ಕ?" ಅಂದೆ.

"ಮುಯ್ಯಿ ಪುಸ್ತಕ ಇದ್ದ ಹಾಗೆ ಕಣೇ. ಅವರು ನಂದು ಓದಿದಾರೆ. ನಾನು ಓದದೆ ಇದ್ರೆ ಹೇಗೆ?"

ಮದುವೆ ಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ತಿರುಗಿ ಮಾಡುವುದು ನಮಗೆಲ್ಲಾ ಗೊತ್ತಿದೆ. ಹೊಲಗದ್ದೆಯಲ್ಲಿ ಅದೇ ಮುಯ್ಯಾಳು. ಇವತ್ತು ನಿಮ್ಮ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮದಕ್ಕೆ ನೀವು ಬನ್ನಿ. ದುಡ್ಡು ಓಡಾಡುವುದಿಲ್ಲ, ಲೆಕ್ಕ ಮಾತ್ರ ಇದ್ದೇ ಇರುತ್ತದೆ. ಉಡುಗೊರೆ ಅನ್ನುವ ಮಾತಿನಲ್ಲಿ ಈ ಲೆಕ್ಕ ಕಾಣಿಸುವುದಿಲ್ಲ. ಮುಯ್ಯಾಳಿನಲ್ಲಿ ಕಾಣುತ್ತದೆ. ಅದರ ಎದುರಿಗೆ ನಮ್ಮಲ್ಲಿ ಇನ್ನೊಂದು ಮಾತಿದೆ: ಬಿಟ್ಟಿ. ಒಡೆಯರ ಮನೆಗೆ ಹೋಗಿ ಕೂಲಿಯಿಲ್ಲದೆ ಗೇಯ್ದು ಬರುವುದು. ಒಡೆಯರು ನಿಮ್ಮ ಗದ್ದೆಗೆ ಯಾವತ್ತೂ ಇಳಿಯುವುದಿಲ್ಲ.

ಎರಡರಲ್ಲೂ ದುಡ್ಡಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಗುರುತು ಹಿಡಿಯಲು ಕೇಳಬೇಕಾದ್ದು ಒಂದೇ: ಈ ಕೆಲಸಕ್ಕೆ ತಿರುಗಿ ಬರುವ ದಾರಿ ಇದೆಯಾ?

ಅದನ್ನು ಒರೆಗೆ ಹಚ್ಚುವಂಥ ಒಂದು ಪ್ರಸಂಗ ನನ್ನ ಕಣ್ಣೆದುರೇ ನಡೆಯಿತು. ಧಾರಾವಾಹಿಯಲ್ಲಿ ಮದುವೆ ಬರುವುದಿತ್ತು. ವಾಹಿನಿಯವರು ತಮ್ಮ ಪುಟದಲ್ಲಿ, ಜೋಡಿಯ ಹಳೇ ದೃಶ್ಯ ಜೋಡಿಸಿ ವಿಡಿಯೊ ಮಾಡಿ ಕಳಿಸಿ ಅಂತ ಅಭಿಮಾನಿಗಳನ್ನು ಕರೆದರು. ಅಕ್ಕನ ಬಳಗದ ಒಬ್ಬ ಹುಡುಗಿ ಮೂರು ರಾತ್ರಿ ಕೂತು ಒಂದೂಮುಕ್ಕಾಲು ನಿಮಿಷದ ವಿಡಿಯೊ ಮಾಡಿದಳು. ಅದರಲ್ಲಿ ಬರುವ ನಾಲ್ಕು ಸಾಲು ಅಕ್ಕನದ್ದು. ಕೆಳಗೆ ಬಲಗಡೆ ಮೂಲೆಯಲ್ಲಿ ಸಣ್ಣದಾಗಿ ಇಬ್ಬರ ಬರವಣಿಗೆ ಹೆಸರು ಹಾಕಿದ್ದಳು. ಪುಟದಲ್ಲಿ ವಿಡಿಯೊ ಬಂತು. ನೋಡಿದರೆ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಕತ್ತರಿಸಿ ಚೌಕ ಮಾಡಿದ್ದರು. ಕತ್ತರಿಸಿದ್ದರಲ್ಲಿ ಹೆಸರೂ ಹೋಗಿತ್ತು. ಇಬ್ಬರೂ ಸಂದೇಶ ಕಳಿಸಿದರು. ಉತ್ತರ ಬರಲಿಲ್ಲ.

ಬೇಕಂತಲೇ ಮಾಡಿದ್ದೋ, ಎಲ್ಲಾ ವಿಡಿಯೊಗೂ ಒಂದೇ ಅಳತೆಯ ಕತ್ತರಿ ಹಾಕಿದ್ದೋ, ನನಗೆ ಹೇಳಲು ಆಗುವುದಿಲ್ಲ. ಆದರೆ ಫಲ ಒಂದೇ. ಅಕ್ಕ ಹೇಳಿದ್ದು ಹೀಗೆ: "ದುಡ್ಡು ಯಾರು ಕೇಳಿದ್ರು? ಮುಯ್ಯಾಳಿಗೆ ಕರೆದ್ರೆ ಕಾಫಿ ಕೊಡ್ತಾರೆ, ಊಟ ಹಾಕ್ತಾರೆ, ಹೋಗುವಾಗ ಹೆಸರು ಹಿಡಿದು ಮಾತಾಡಿಸ್ತಾರೆ. ಇಲ್ಲಿ ಹೆಸರನ್ನೇ ಕತ್ತರಿಸಿದ್ರಲ್ಲ."

ಇದರಲ್ಲಿ ಇನ್ನೊಂದು ಗಂಟಿದೆ. ಟಿಆರ್‌ಪಿ ಅಳೆಯುವುದು ಆಯ್ದ ಕೆಲವು ಮನೆಗಳ ಟಿವಿಗೆ ಜೋಡಿಸಿದ ಮೀಟರ್. ಅಕ್ಕ ವಾರಕ್ಕೆ ಹದಿನಾರು ಗಂಟೆ ದುಡಿದರೂ ಆ ಅಂಕಿ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಆದರೆ ಧಾರಾವಾಹಿಯ ಬಗ್ಗೆ ಜನ ಮಾತಾಡುತ್ತಲೇ ಇರುವ ಹಾಗೆ ನೋಡಿಕೊಳ್ಳುವುದು ಇಂಥವರೇ. ಸಂಚಿಕೆ ಇಲ್ಲದ ಭಾನುವಾರವೂ ಆ ಪಾತ್ರಗಳು ಉಸಿರಾಡುವುದು ಇವರ ಕತೆಗಳಲ್ಲಿ. ವಾಹಿನಿಗೆ ಅದರ ಉಪಯೋಗ ಇದೆ. ಅದನ್ನು ಬರೆದಿಡುವ ಪುಸ್ತಕ ಇಲ್ಲ.

ಹಾಗಾದರೆ ಅವರೇ ಕತೆ ಮಾರಬಹುದಲ್ಲ ಅಂತ ಶಿವಮೊಗ್ಗದ ಗೆಳತಿಯೊಬ್ಬಳು ಕೇಳಿದಳು. ಅದು ಅಷ್ಟು ಸುಲಭ ಇಲ್ಲ. ಅಕ್ಕ ಬರೆದ ವಾಕ್ಯಗಳು ಅಕ್ಕನವೇ, ಆದರೆ ಪಾತ್ರ ಮತ್ತು ಮೂಲ ಕತೆ ಅವರದ್ದಲ್ಲ. ದುಡ್ಡಿಗೆ ಇಟ್ಟ ಕೂಡಲೇ 1957ರ ಕೃತಿಸ್ವಾಮ್ಯ ಕಾಯ್ದೆ ಹಿಡಿದು ಒಡೆಯರು ಬಾಗಿಲಿಗೆ ಬರಬಹುದು. ಹೆಸರು ಬದಲಾಯಿಸಿ ಮಾರು ಅಂತ ಬಳಗದವರೂ ಹೇಳಿದ್ದಾರೆ. ಆಗ ಬಳಗವೇ ಇರುವುದಿಲ್ಲ ಅನ್ನುವುದು ಅಕ್ಕನ ಉತ್ತರ. ಓದುಗರು ಬರುವುದೇ ಆ ತಾಯಿ ಮಗಳಿಗಾಗಿ.

ಹೊರದೇಶದಲ್ಲಿ ಇದಕ್ಕೆ ಅಭಿಮಾನಿಗಳೇ ಒಂದು ದಾರಿ ಮಾಡಿಕೊಂಡರು. 2007ರಲ್ಲಿ ಫ್ಯಾನ್‌ಲಿಬ್ ಅನ್ನುವ ಕಂಪನಿ ಅಭಿಮಾನಿ ಕತೆಗಳನ್ನು ಒಟ್ಟುಮಾಡಿ ಲಾಭ ಮಾಡಲು ಹೊರಟಾಗ, ಬರೆಯುವವರು ಸಿಟ್ಟಾಗಿ ಅದೇ ವರ್ಷ ಲಾಭವಿಲ್ಲದ ತಮ್ಮದೇ ಸಂಸ್ಥೆ ಕಟ್ಟಿದರು. 2009ರಲ್ಲಿ ಅವರದ್ದೇ ಕತೆಗಳ ಕಣಜ ತೆರೆಯಿತು. ಇವತ್ತಿಗೂ ಅದನ್ನು ನಡೆಸುವವರು ಸ್ವಯಂಸೇವಕರು, ಜಾಹೀರಾತು ಇಲ್ಲ. ಅಲ್ಲೂ ಸಂಬಳ ಇಲ್ಲ ನೋಡಿ. ಆದರೆ ಗದ್ದೆ ಅವರದ್ದೇ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಒಂದು ವಿಚಾರ ಸಂಕಿರಣದಲ್ಲಿ ಅಕ್ಕನ ಕತೆಯಿಂದ ಬಚ್ಚಲೊಲೆಯ ನಾಲ್ಕು ಸಾಲು ಓದಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಗುಟ್ಟು ಕಾದಿದ್ದೇನೆ ಅಂತ ನೆಮ್ಮದಿಯಲ್ಲಿದ್ದೆ. ಮುಗಿಸಿ ಕೆಳಗಿಳಿದಾಗ ಒಬ್ಬರು ಮೊಬೈಲ್ ತೋರಿಸಿದರು. "ಇದೇ ಅಲ್ವಾ?" ನಾನು ಓದಿದ ಸಾಲನ್ನು ಹಾಗೇ ಟೈಪ್ ಮಾಡಿ ಹುಡುಕಿದ್ದರು. ಒಂದು ನಿಮಿಷವೂ ಬೇಕಾಗಿರಲಿಲ್ಲ. ಅಕ್ಕನ ಕತೆ, ಅಕ್ಕನ ಬರವಣಿಗೆ ಹೆಸರು, ಎಲ್ಲಾ ತೆರೆಯ ಮೇಲಿತ್ತು.

ಅಕ್ಕ ಬರೆಯುವುದು ಅವರ ಅತ್ತೆ ಮಾವನಿಗೆ ಗೊತ್ತಿರಲಿಲ್ಲ. ಮೊದಲ ದಿನವೇ ನನಗೆ ಹೇಳಿದ್ದರು. ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೇಳಿದ್ಯಲ್ಲ, ಅಷ್ಟು ಸಾಕು. ಇನ್ನು ಮೇಲೆ ಹಾಗೆ ಮಾಡ್ಬೇಡ" ಅಂದರು. ಪುಣ್ಯಕ್ಕೆ ಅಲ್ಲಿಗೇ ನಿಂತಿತು.

ಹೆಸರು ಮುಚ್ಚಿದರೆ ಆಗಲಿಲ್ಲ, ಸಾಲನ್ನೂ ಮುಚ್ಚಬೇಕು. ಈ ಕ್ಷೇತ್ರದಲ್ಲಿ ಇದಕ್ಕೊಂದು ಉಪಾಯ ಇದೆ. ಆನೆಟ್ ಮಾರ್ಕಮ್ ಅನ್ನುವ ಸಂಶೋಧಕಿ 2012ರಲ್ಲಿ ಇದನ್ನು ವಿವರವಾಗಿ ಬರೆದರು: ಸಿಕ್ಕ ಮಾತನ್ನು ಹಾಗೇ ಇಡದೆ, ಅದರ ಹುರುಳು ಉಳಿಯುವ ಹಾಗೆ ಹೊಸದಾಗಿ ಹೆಣೆಯುವುದು. ಹುಡುಕಿದರೆ ಯಾರೂ ಸಿಗಬಾರದು. ಮೇಲೆ ಬಚ್ಚಲೊಲೆ ಅಂತ ನಾನು ಹೇಳಿದ್ದೂ ಹಾಗೆ ಹೆಣೆದದ್ದೇ. ಅವರ ಕತೆಯಲ್ಲಿ ಅದು ಬಚ್ಚಲೂ ಅಲ್ಲ, ಸೋಗೆಯೂ ಅಲ್ಲ.

ಆದರೆ ಈ ಉಪಾಯದಲ್ಲಿ ಒಂದು ನಷ್ಟ ಇದೆ. ಅಕ್ಕನ ಕತೆಯ ಜೀವ ಇರುವುದೇ ಅವರ ಕಡೆಯ ಮಾತಿನಲ್ಲಿ. ಧಾರಾವಾಹಿಯ ತಾಯಿ ಎಲ್ಲೂ ಇಲ್ಲದ ಊರಿನ ಕನ್ನಡ ಆಡುತ್ತಾಳೆ. ಅಕ್ಕನ ತಾಯಿ ಹೊಸನಗರದ ಕನ್ನಡ ಆಡುತ್ತಾಳೆ. ನಾನು ಹೊಸದಾಗಿ ಬರೆದರೆ ಅದು ನನ್ನ ಶಿಕಾರಿಪುರದ ಕನ್ನಡ ಆಗುತ್ತದೆ. ಪ್ರಬಂಧದಲ್ಲಿ ತೋರಿಸಬೇಕಾದ್ದೇ ಕೈಬಿಟ್ಟು ಹೋಗುತ್ತದೆ.

ಆಗ ನನಗೆ ಒಂದು ಯೋಚನೆ ಬಂತು. ಎಲ್ಲೂ ಹಾಕದ ಒಂದು ಪುಟವನ್ನು ಪ್ರಬಂಧಕ್ಕೆ ಅಂತಲೇ ಬರೆದುಕೊಡಿ ಅಂತ ಅಕ್ಕನನ್ನು ಕೇಳಿದೆ. ಒಪ್ಪಿದರು. ಎರಡು ವಾರದಲ್ಲಿ ಕಳಿಸಿದರು. ತಾಯಿ ಮಗಳಿಗೆ ತಲೆ ಬಾಚುವ ದೃಶ್ಯ, ಸುಮಾರು ಒಂಬೈನೂರು ಪದ. ಓದಿ ಖುಷಿಯಲ್ಲಿ ನನ್ನ ಮಾರ್ಗದರ್ಶಕರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಇದಕ್ಕೆ ಅವರಿಗೆ ಎಷ್ಟು ಗಂಟೆ ಹಿಡಿಯಿತಮ್ಮ? ನಿನ್ನ ಹಾಳೆಯಲ್ಲಿ ಎಲ್ಲಿದೆ ಅದು?"

ಎಲ್ಲೂ ಇರಲಿಲ್ಲ. ದಿನಚರಿ ತುಂಬಿದ ಹೊತ್ತು, ನನ್ನ ಜೊತೆ ಕೂತು ಉತ್ತರ ಎಣಿಸಿದ ಹೊತ್ತು, ಫೋನಿನಲ್ಲಿ ಮಾತಾಡಿದ ಹೊತ್ತು, ಈ ಒಂಬೈನೂರು ಪದ, ಯಾವುದೂ ಇಲ್ಲ. ಪ್ರಬಂಧಕ್ಕೆ ಹೆಸರು ಬರುವುದು ನನಗೆ, ಮುಂದೆ ಕೆಲಸ ಸಿಕ್ಕರೆ ಸಂಬಳ ನನಗೆ. ವಾಹಿನಿಯ ಪ್ರಸಂಗವನ್ನು ಬಿಟ್ಟಿ ಅಂತ ಬರೆದವಳು ನಾನು. ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ: ತಿರುಗಿ ಬರುವ ದಾರಿ ಇದೆಯಾ?

ಹಾಳೆಗೆ ಆರನೇ ಸಾಲು ಸೇರಿಸಿದೆ: ಸಂಶೋಧಕಿಗೆ ಕೊಟ್ಟ ಹೊತ್ತು. ಅಕ್ಕನನ್ನೂ ಕೂಡಿ ಎಂಟು ಜನರಿಗೂ ಮತ್ತೆ ಕೇಳಿ ತುಂಬಿಸಿದೆ. ಪ್ರಬಂಧದಲ್ಲಿ ಅದಕ್ಕೆ ಬೇರೆ ಅಧ್ಯಾಯವೇ ಇದೆ ಈಗ. ಅದು ಲೆಕ್ಕ ಬರೆದಂತಾಯಿತು. ತೀರಿಸಿದಂತೆ ಆಗಲಿಲ್ಲ.

ಮುಂದಿನ ಸಲ ಹೋದಾಗ ಅಕ್ಕನಿಗೆ ನೇರವಾಗಿ ಕೇಳಿದೆ. "ನಾನು ಏನು ಕೊಡ್ಲಿ ಅಕ್ಕ? ಗೌರವಧನ ಅಂತ ಸ್ವಲ್ಪ ಇದೆ." ದುಡ್ಡಿನ ಮಾತಿಗೆ ಮುಖ ತಿರುಗಿಸಿದರು. ಒಳಗೆ ಹೋಗಿ ಡೈರಿ ತಂದು, ಹಿಂದಿನ ಪುಟ ತೆಗೆದು ನನ್ನ ಮುಂದೆ ಇಟ್ಟರು. ಬಾಕಿ ಪಟ್ಟಿಯಂಥದ್ದೇ ಇನ್ನೊಂದು ಪಟ್ಟಿ ಅಲ್ಲಿತ್ತು. ಅವರ ಕತೆ ಓದುತ್ತೇನೆ ಅಂತ ಹೇಳಿ ಓದದೆ ಉಳಿದವರದ್ದು. ಮೂರನೇ ಹೆಸರು ನನ್ನದು. ಮುಂದೆ ನೀಲಿ ಶಾಯಿಯಲ್ಲಿ "7 ಪಾರ್ಟ್".

ನಿಜವೇ. ದಿನಚರಿ ಎಣಿಸುವ ಗಡಿಬಿಡಿಯಲ್ಲಿ ಮೂವತ್ತೈದನೇ ಪಾರ್ಟ್ ಆದ ಮೇಲೆ ಕತೆ ಓದುವುದನ್ನೇ ನಿಲ್ಲಿಸಿದ್ದೆ.

"ಓದಿ ಉದ್ದಕ್ಕೆ ಬರಿ. ಚೆನ್ನಾಗಿದೆ, ಸೂಪರ್ ಅಂತೆಲ್ಲಾ ಬೇಡ. ಎಲ್ಲಿ ಬಿದ್ದಿದೆ ಹೇಳು" ಅಂದರು.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ರಿಪ್ಪನ್‌ಪೇಟೆ ದಾಟುವಷ್ಟರಲ್ಲಿ ಮೂವತ್ತಾರನೇ ಪಾರ್ಟ್ ಮುಗಿಯಿತು. ಮಗಳು ಬೆಂಗಳೂರಿಗೆ ಹೊರಟಿದ್ದಾಳೆ, ತಾಯಿ ಬ್ಯಾಗಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ತುರುಕುತ್ತಿದ್ದಾಳೆ. ಮಧ್ಯದ ಸಂಭಾಷಣೆ ಸ್ವಲ್ಪ ಎಳೆದಿದೆ ಅನ್ನಿಸಿತು. ಎಲ್ಲಿಂದ ಎಲ್ಲಿಗೆ ಅಂತ ಗುರುತು ಹಾಕಿಕೊಂಡು ಪ್ರತಿಕ್ರಿಯೆ ಬರೆಯಲು ಕೂತೆ.